ಸ್ಕ್ರಿಪ್ಟ್‌ಗೆ ಮುಂಚೆ ಒಂದೇ ವಾಕ್ಯದ ಬ್ರೀಫ್: 30 ಸೆಕೆಂಡ್ ಆ್ಯಡ್ ಮಾಡಿದ ನನ್ನ ಅನುಭವ

ಬ್ರೀಫ್ ಅಂದ್ರೆ ಒಂದೇ ವಾಕ್ಯ, ಅದಕ್ಕೆ ಕ್ಲೈಂಟ್ ಸೈನ್ ಹಾಕೋವರೆಗೂ ನಾನು ಸ್ಕ್ರಿಪ್ಟ್ ಮುಟ್ಟಲ್ಲ ಅಂದಾಗ ಟೀಮ್‌ನಲ್ಲಿ ಒಬ್ರೂ ಒಪ್ಪಿರಲಿಲ್ಲ. ಕ್ಲೈಂಟ್ ಸರ್ವಿಸಿಂಗ್‌ನವರು "ಅವರು 40 ಸ್ಲೈಡ್ ಕಳಿಸಿರ್ತಾರೆ, ನೀವು ಒಂದು ಲೈನ್ ವಾಪಸ್ ಕಳಿಸಿದ್ರೆ ಕೆಲಸಾನೇ ಮಾಡಿಲ್ಲ ಅಂದ್ಕೋತಾರೆ" ಅಂದ್ರು. ಡೈರೆಕ್ಟರ್ ಗೆಳೆಯ ಇನ್ನೂ ಖಾರವಾಗಿ, ಒಂದು ವಾಕ್ಯದಿಂದ ಪೋಸ್ಟರ್ ಆಗುತ್ತೆ, ಫಿಲ್ಮ್ ಆಗಲ್ಲ ಅಂದ. ಈಗ ಅದೇ ಡೈರೆಕ್ಟರ್ ಬೇರೆ ಕಡೆ ಕೆಲಸಕ್ಕೆ ಹೋದ್ರೂ ಮೊದ್ಲು "ವಾಕ್ಯ ಎಲ್ಲಿ?" ಅಂತ ಕೇಳ್ತಾನಂತೆ, ಅದಕ್ಕೇ ಇದನ್ನ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ಹಳೇ ಪದ್ಧತಿಯಲ್ಲಿ ದುಡ್ಡು ಎಲ್ಲಿ ಸೋರ್ತಿತ್ತು ಅನ್ನೋದು ಈ ಲೈನ್‌ನಲ್ಲಿ ಇರೋರಿಗೆಲ್ಲ ಗೊತ್ತು. ಬ್ರೀಫ್‌ನಲ್ಲಿ ಐದು ಪಾಯಿಂಟ್ ಇರುತ್ತೆ, ಸ್ಕ್ರಿಪ್ಟ್‌ನಲ್ಲಿ ಐದನ್ನೂ ಹೆಂಗೋ ತುರುಕ್ತೀವಿ, ಎಲ್ರೂ ಓಕೆ ಅಂತಾರೆ, ಶೂಟ್ ಆಗುತ್ತೆ, ಎಡಿಟ್ ಟೇಬಲ್ ಮೇಲೆ ನೋಡಿದ್ರೆ 38 ಸೆಕೆಂಡ್. ಅಲ್ಲಿಂದ ಶುರು, ಮಾರ್ಕೆಟಿಂಗ್‌ನವರು ಒಂದು ಶಾಟ್ ಬಿಡಲ್ಲ, ಸೇಲ್ಸ್‌ನವರು ಇನ್ನೊಂದು ಬಿಡಲ್ಲ, ವಾಯ್ಸ್ ಓವರ್ ಆರ್ಟಿಸ್ಟ್ ಉಸಿರು ಬಿಡದೆ ಓದ್ತಾರೆ. ಕನ್ನಡದಲ್ಲಿ 30 ಸೆಕೆಂಡ್‌ಗೆ ಆರಾಮಾಗಿ ಕೂರೋದು 50-55 ಪದ ಅಷ್ಟೇ, ನಮ್ಮ ಪದಗಳು ಉದ್ದ. ಐದು ಪಾಯಿಂಟ್ ಹೇಳೋಕೆ ಹೋದ್ರೆ 80 ದಾಟುತ್ತೆ. ಒಂದು ಕೆಲಸದಲ್ಲಂತೂ ಅಪ್ರೂವ್ ಆದ ಸ್ಕ್ರಿಪ್ಟೇ ಶೂಟ್ ಮಾಡಿದ್ರೂ ಕ್ಲೈಂಟ್ ಕಡೆಯ ಹೊಸ ಮ್ಯಾನೇಜರ್ ಬಂದು ಪ್ರಾಡಕ್ಟ್‌ನ ಇನ್ನೊಂದು ಗುಣ ಬೇಕೇ ಬೇಕು ಅಂತ ಕೂತು, ರೀಶೂಟ್‌ಗೆ ನಮ್ಮ ಮಾರ್ಜಿನ್‌ನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಭಾಗ ಹೋಯ್ತು. ಒಪ್ಪಂದದಲ್ಲಿ ಸ್ಕ್ರಿಪ್ಟ್‌ಗೆ ಸೈನ್ ಇತ್ತು, ಆದ್ರೆ ಫಿಲ್ಮ್ ಯಾವ ಒಂದು ವಿಷಯಕ್ಕೆ ಅನ್ನೋದಕ್ಕೆ ಯಾರ ಸೈನೂ ಇರಲಿಲ್ಲ.

ಏಜೆನ್ಸಿ ಫಾರ್ಮ್‌ಗಳಲ್ಲಿ ಆ್ಯಡ್ ಹೇಳಬೇಕಾದ ಒಂದೇ ಮುಖ್ಯ ಮಾತನ್ನ ಬರೆಯೋಕೆ ಸಿಂಗಲ್ ಮೈಂಡೆಡ್ ಪ್ರಪೋಸಿಷನ್ ಅಂತ ಒಂದು ಡಬ್ಬ ಇರುತ್ತಲ್ಲ, ನಾನು ಮಾಡೋದು ಅದೇನಾ ಅಂದ್ರೆ ಪೂರ್ತಿ ಅಲ್ಲ. ಆ ಡಬ್ಬದಲ್ಲಿ ಜನ "ವಿಶ್ವಾಸಾರ್ಹ ಗುಣಮಟ್ಟ" ಅಂತ ಬರೆದು ಮುಂದೆ ಹೋಗ್ತಾರೆ, ಅದರಿಂದ ಒಂದು ಶಾಟೂ ಹುಟ್ಟಲ್ಲ. ನನ್ನ ವಾಕ್ಯದಲ್ಲಿ ಒಬ್ಬ ಮನುಷ್ಯ ಇರಬೇಕು, ಅವನು ಯಾವ ಹೊತ್ತಲ್ಲಿ ಇದ್ದಾನೆ ಅನ್ನೋದು ಇರಬೇಕು, ಫಿಲ್ಮ್ ನೋಡಿದ ಮೇಲೆ ಅವನು ಏನನ್ನ ನಂಬಬೇಕು ಅನ್ನೋದು ಇರಬೇಕು, ಕೊನೆಗೆ ಯಾಕೆ ನಂಬಬೇಕು ಅನ್ನೋದು. ಇಷ್ಟೇ.

ಹೋದ ಸಲದ ಫ್ಯಾನ್ ಫಿಲ್ಮನ್ನೇ ತಗೊಳ್ತೀನಿ. ಬಿಎಲ್‌ಡಿಸಿ ಮೋಟರ್‌ನ ಸೀಲಿಂಗ್ ಫ್ಯಾನ್. ಕ್ಲೈಂಟ್ ಲಿಸ್ಟ್‌ನಲ್ಲಿ ಕರೆಂಟ್ ಉಳಿತಾಯ, ಸದ್ದಿಲ್ಲ, ರಿಮೋಟ್, ಹೊಸ ಬಣ್ಣಗಳು, ವಾರಂಟಿ ಎಲ್ಲಾ ಇತ್ತು. ಸರ್ವಿಸಿಂಗ್ ಹುಡುಗಿ ಬರೆದು ತಂದ ಮೊದಲ ವಾಕ್ಯ ಹೀಗಿತ್ತು: "ಕರೆಂಟ್ ಉಳಿಸಿ, ಸದ್ದಿಲ್ಲದೆ ತಿರುಗಿ, ರಿಮೋಟ್‌ನಲ್ಲೇ ಕಂಟ್ರೋಲ್ ಆಗೋ ಫ್ಯಾನ್ ಇದು ಅಂತ ಮನೆಯವರಿಗೆಲ್ಲ ಗೊತ್ತಾಗಬೇಕು."

ನೋಡೋಕೆ ಒಂದೇ ವಾಕ್ಯ, ಕೊನೆಗೆ ಒಂದೇ ಫುಲ್ ಸ್ಟಾಪ್. ಒಳಗೆ ಮೂರು ಆ್ಯಡ್ ಇದೆ. ಕನ್ನಡದಲ್ಲಿ ಈ ಅಪಾಯ ಜಾಸ್ತಿ, "ಮತ್ತು" ಒಂದೇ ಒಂದು ಇಲ್ದೇನೂ ಉಳಿಸಿ, ತಿರುಗಿ, ಮಾಡಿ ಅಂತ ಪೋಣಿಸ್ತಾ ಹೋದ್ರೆ ಹತ್ತು ವಿಷಯ ಒಂದೇ ವಾಕ್ಯದಲ್ಲಿ ಕೂತುಬಿಡುತ್ತೆ. ಅದಕ್ಕೆ ನಾನು ಕೊಡೋ ಪೆಟ್ಟು ಏನಂದ್ರೆ, ವಾಕ್ಯದಲ್ಲಿರೋ ಒಂದೊಂದು ಕ್ರಿಯಾಪದಕ್ಕೂ "ಇದನ್ನ ಪ್ರಾಡಕ್ಟ್ ಮಾಡ್ತಿದೆಯಾ, ಮನುಷ್ಯ ಮಾಡ್ತಿದ್ದಾನಾ" ಅಂತ ಕೇಳ್ತೀನಿ. ಪ್ರಾಡಕ್ಟ್ ಜನಕ್ಕೆ ಕೊಡೋ ಮಾತು ಒಂದೇ ಇರಬೇಕು. ಎರಡನೇದು ಸಿಕ್ಕಿದ ತಕ್ಷಣ ಹರಿದು ಹಾಕು.

ಮುಂದಿನ ವಾಕ್ಯ: "ನಿದ್ದೆ ಬೇಕಾದವರಿಗೆ ಈ ಫ್ಯಾನ್ ಸದ್ದೇ ಮಾಡಲ್ಲ ಅಂತ ಗೊತ್ತಾಗಬೇಕು." ಒಂದೇ ಮಾತು, ಸರಿ, ಆದ್ರೆ ಬೇರೆ ಕಂಪನಿ ಹೆಸರು ಹಾಕಿ ಓದಿದ್ರೂ ಹಂಗೇ ನಿಲ್ಲುತ್ತೆ. ಜೊತೆಗೆ ಅದು ನಿಜಾನೂ ಅಲ್ಲ, ಫುಲ್ ಸ್ಪೀಡ್‌ನಲ್ಲಿ ಯಾವ ಫ್ಯಾನ್ ಆದ್ರೂ ಗಾಳಿ ಸೀಳೋ ಸದ್ದು ಇದ್ದೇ ಇರುತ್ತೆ, ಕ್ಲೈಂಟ್‌ನ ಲೀಗಲ್‌ನವರು ಅಲ್ಲೇ ಹಿಡೀತಿದ್ರು. ಕರೆಂಟ್ ಉಳಿತಾಯನೇ ಮುಂದಿಡೋಣ ಅಂತ ಕ್ಲೈಂಟ್ ಹಟ ಹಿಡಿದಿದ್ರು, ಸಾಮಾನ್ಯ ಫ್ಯಾನ್ 75 ವ್ಯಾಟ್ ಆಸುಪಾಸು ತಗೊಂಡ್ರೆ ಇದು 30ರ ಸುತ್ತಮುತ್ತ, ಚಿಕ್ಕ ಲಾಭ ಅಲ್ಲ. ಆದ್ರೆ ಬಿಎಲ್‌ಡಿಸಿ ಫ್ಯಾನ್ ಮಾರೋರೆಲ್ಲ ಹೇಳೋದು ಅದನ್ನೇ.

ದಾರಿ ತೋರಿಸಿದ್ದು ಸ್ಲೈಡ್ ಅಲ್ಲ, ಕ್ಲೈಂಟ್‌ನ ಇಂಜಿನಿಯರ್. ಮೀಟಿಂಗ್ ಮುಗಿದ ಮೇಲೆ ಅವರನ್ನ ಪಕ್ಕಕ್ಕೆ ಕರ್ಕೊಂಡು "ಸಾರ್, ಜನ ಬೈಯೋ ಸದ್ದು ಯಾವುದು?" ಅಂತ ಕೇಳ್ದೆ. ಹಳೇ ಫ್ಯಾನ್‌ಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿ ಸ್ಪೀಡ್ ಇಳಿಸಿದ್ರೆ, ಅದು ಕರೆಂಟನ್ನ ತುಂಡು ತುಂಡಾಗಿ ಕೊಡೋದ್ರಿಂದ ಮೋಟರ್ ಗುಂಯ್ ಅನ್ನುತ್ತೆ, ಅಂದ್ರೆ ರಾತ್ರಿ ನಿಧಾನಕ್ಕೆ ತಿರುಗಲಿ ಅಂತ ಇಳಿಸಿದಾಗಲೇ ಸದ್ದು ಕಿವಿಗೆ ಹೊಡಿಯುತ್ತೆ ಅಂದ್ರು. ನನ್ನ ವಾಕ್ಯ ಅಲ್ಲೇ ಸಿಕ್ತು: "ಮಧ್ಯರಾತ್ರಿ ಚಳಿ ಅಂತ ಫ್ಯಾನ್ ಇಳಿಸಿ, ಆಮೇಲೆ ಗುಂಯ್ ಸದ್ದಿಗೆ ನಿದ್ದೆ ಬರದೆ ಹೊರಳಾಡೋನು, ಈ ಫ್ಯಾನ್ ಒಂದನೇ ಸ್ಪೀಡ್‌ನಲ್ಲೂ ಗುಂಯ್ ಅನ್ನಲ್ಲ ಅಂತ ನಂಬಬೇಕು, ಯಾಕಂದ್ರೆ ಇದಕ್ಕೆ ಗೋಡೆ ರೆಗ್ಯುಲೇಟರೇ ಬೇಡ, ಸ್ಪೀಡ್ ನೋಡ್ಕೊಳ್ಳೋದು ಒಳಗಿನ ಸರ್ಕ್ಯೂಟ್."

ಉದ್ದ ಇದೆ, ಇರಲಿ. ಹೊರಳಾಡೋದು, ನಂಬೋದು ಮನುಷ್ಯ, ಫ್ಯಾನ್ ಕೊಡೋ ಮಾತು ಗುಂಯ್ ಅನ್ನಲ್ಲ ಅನ್ನೋದೊಂದೇ. ಈ ವಾಕ್ಯ ಟ್ಯಾಗ್‌ಲೈನ್ ಅಲ್ಲ, ಇದರ ಒಂದು ಪದಾನೂ ಫಿಲ್ಮ್‌ನಲ್ಲಿ ಕೇಳಿಸಬೇಕಿಲ್ಲ. ಕ್ಲೈಂಟ್‌ಗೆ ತೋರಿಸೋ ಮುಂಚೆ ನಾನು ಇದನ್ನ ಒಬ್ರಿಗೆ ಫೋನ್‌ನಲ್ಲಿ ಒಂದೇ ಸಲ ಓದ್ತೀನಿ, ಮಾರನೇ ದಿನ ಫೋನ್ ಮಾಡಿ ಏನು ನೆನಪಿದೆ ಅಂತ ಕೇಳ್ತೀನಿ. ಅವರು ಯಾರು, ಯಾವ ಹೊತ್ತಲ್ಲಿ ಫೋನ್ ಮಾಡ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ, ಅಷ್ಟು ಗುಟ್ಟು ಬೇಕಲ್ಲ. ಫ್ಯಾನ್ ವಾಕ್ಯಕ್ಕೆ ಬಂದ ಉತ್ತರ "ರಾತ್ರಿ ಸ್ಪೀಡ್ ಕಮ್ಮಿ ಮಾಡಿದ್ರೂ ಗುಂಯ್ ಅನ್ನಲ್ವಂತಲ್ಲ". ನಾನು ಆಗಲೇ ಗೆದ್ದೆ ಅಂದ್ಕೊಂಡೆ.

ಇಲ್ಲಿಂದ ಸ್ಕ್ರಿಪ್ಟ್ ತಾನೇ ಬಂತು. ಮೊದಲ 5 ಸೆಕೆಂಡ್ ಹಳೇ ಫ್ಯಾನ್, ಗುಂಯ್, ಕಿವಿ ಮೇಲೆ ದಿಂಬು ಒತ್ಕೊಂಡಿರೋ ಮನುಷ್ಯ. ಕಟ್. ಹೊಸ ಫ್ಯಾನ್, ರಿಮೋಟ್‌ನಲ್ಲಿ 1 ಒತ್ತಿದ್ರೆ ಪೂರ್ತಿ ನಿಶ್ಶಬ್ದ. ಈಗ ಅವನಿಗೆ ಗಡಿಯಾರದ ಟಿಕ್ ಟಿಕ್ ಕೇಳುತ್ತೆ, ಎದ್ದು ಹೋಗಿ ಅದರ ಬ್ಯಾಟರಿ ತೆಗೀತಾನೆ. ಮಲಗ್ತಾನೆ, ಬಚ್ಚಲಲ್ಲಿ ನಲ್ಲಿ ತೊಟಕ್ ಅನ್ನುತ್ತೆ, ಮತ್ತೆ ಏಳ್ತಾನೆ. ಕೊನೇ 6 ಸೆಕೆಂಡ್ ವಾಯ್ಸ್ ಓವರ್, ಪ್ರಾಡಕ್ಟ್ ತೋರಿಸೋ ಪ್ಯಾಕ್ ಶಾಟ್, ಲೋಗೋ. "ನಿದ್ದೆ ಕೆಡಿಸೋಕೆ ಈಗ ಫ್ಯಾನ್ ಇಲ್ಲ, ಬೇರೆ ಏನಾದ್ರೂ ಹುಡುಕ್ಕೊಳ್ಳಿ." ಇಷ್ಟೇ ಮಾತು, ಬ್ರ್ಯಾಂಡ್ ಹೆಸರು ಬಿಟ್ರೆ ಬೇರೇನಿಲ್ಲ. ಮ್ಯೂಸಿಕ್ ಬೇಡವೇ ಬೇಡ ಅಂತ ಪಟ್ಟು ಹಿಡಿದೆ, ಸದ್ದಿನ ಬಗ್ಗೆ ಫಿಲ್ಮ್ ಮಾಡ್ತಾ ಅದರ ಮೇಲೆ ಕೊಳಲು ಓಡಿಸಿದ್ರೆ ವಾಕ್ಯ ಸತ್ತಹಾಗೆ.

ಜಗಳ ಬಂದಿದ್ದು ರಿಮೋಟ್‌ಗೆ ಮತ್ತು ಬಣ್ಣಕ್ಕೆ. ನಾನು ವಾದ ಮಾಡೋದು ಬಿಟ್ಟು ಸೈನ್ ಆದ ವಾಕ್ಯ ಟೇಬಲ್ ಮೇಲಿಟ್ಟು ಒಂದೊಂದು ಶಾಟ್‌ಗೂ "ಇದು ಯಾವ ಪದಕ್ಕೆ ಕೆಲಸ ಮಾಡ್ತಿದೆ" ಅಂತ ಕೇಳ್ತಾ ಹೋದೆ. ರಿಮೋಟ್ "ಇಳಿಸಿ" ಅನ್ನೋದಕ್ಕೆ ಬೇಕು, ಉಳೀತು, ಕ್ಲೋಸಪ್ ಕೂಡ ಸಿಕ್ತು. ಬಣ್ಣಗಳಿಗೆ ವಾಕ್ಯದಲ್ಲಿ ಜಾಗ ಇಲ್ಲ, ಹೋಯ್ತು. ಬೆಳಿಗ್ಗೆ ಎದ್ದು ಇಡೀ ಕುಟುಂಬ ನಗೋ ಶಾಟ್ ಡೈರೆಕ್ಟರ್‌ಗೆ ತುಂಬಾ ಇಷ್ಟ, ಅದೂ ಹೋಯ್ತು, ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ವಾರಂಟಿ ಪ್ಯಾಕ್ ಶಾಟ್ ಕೆಳಗೆ ಸಣ್ಣ ಸೂಪರ್ ಆಗಿ, ಅಂದ್ರೆ ಪರದೆ ಮೇಲಿನ ಅಕ್ಷರವಾಗಿ ಬಂತು, ಅದನ್ನ ತಡೆಯೋಕೆ ಆಗಲ್ಲ, ತಡೀಬೇಕಾಗೂ ಇಲ್ಲ.

ದುಡ್ಡಿನ ವಿಷಯ. ಮೊದಲ ಅಂದಾಜಲ್ಲಿ ಎರಡು ಲೊಕೇಶನ್, ಐದು ಜನ ಆರ್ಟಿಸ್ಟ್, ಹಗಲು ರಾತ್ರಿ ಎರಡು ಶಿಫ್ಟ್, 25ರ ಮೇಲೆ ಶಾಟ್ ಇತ್ತು. ವಾಕ್ಯ ಆದ ಮೇಲೆ ಒಂದು ಬೆಡ್‌ರೂಮ್, ಒಬ್ಬ ಆರ್ಟಿಸ್ಟ್, ಒಂದು ರಾತ್ರಿ, ಸುಮಾರು 14 ಶಾಟ್. ಶೂಟ್ ಖರ್ಚು ಹತ್ರ ಹತ್ರ ಅರ್ಧಕ್ಕೆ ಬಂತು. ಉಳಿದಿದ್ರಲ್ಲಿ ಒಂದು ಪಾಲನ್ನ ಕಣ್ಣುಮುಚ್ಚಿ ಸೌಂಡ್‌ಗೆ ಹಾಕಿದೆ, ಟಿಕ್ ಟಿಕ್, ತೊಟಕ್, ಬೆಡ್‌ಶೀಟ್ ಸರಸರ ಎಲ್ಲಾ ಬೇರೆ ಬೇರೆ ರೆಕಾರ್ಡ್ ಮಾಡ್ಸಿ ಮಿಕ್ಸ್ ಮಾಡ್ಸಿದ್ವಿ, ಫೋನ್ ಸ್ಪೀಕರ್‌ನಲ್ಲೂ ಕೇಳ್ಬೇಕಲ್ಲ. ಇನ್ನೊಂದು ಪಾಲಲ್ಲಿ ಕ್ಲೈಂಟ್‌ಗೆ ಕರೆಂಟ್ ಉಳಿತಾಯಕ್ಕೆ ಅಂತಲೇ ಬೇರೆ 10 ಸೆಕೆಂಡ್ ಫಿಲ್ಮ್, ಅದಕ್ಕೂ ಬೇರೆ ಒಂದು ವಾಕ್ಯ. ಎಡಿಟ್‌ನಲ್ಲಿ ಕರೆಕ್ಷನ್ ಒಂದೇ ರೌಂಡ್, ಅದೂ ಲೋಗೋ ಸೈಜ್‌ಗೆ.

ನಡುವೆ ಒಂದಿಷ್ಟು ಪ್ರಯೋಗ ಮಾಡಿ ನೋಡಿದ್ದೂ ಇದೆ. ವಾಕ್ಯವನ್ನ ಪ್ರಶ್ನೆ ರೂಪದಲ್ಲಿ ಬರೆದ್ರೆ ರೈಟರ್‌ಗಳು ಖುಷಿಯಾಗ್ತಾರೆ, ಆದ್ರೆ ಒಬ್ಬೊಬ್ರೂ ಒಂದೊಂದು ಉತ್ತರಕ್ಕೆ ಸ್ಕ್ರಿಪ್ಟ್ ಬರೀತಾರೆ, ಬಿಟ್ಟೆ. ಉಲ್ಟಾ ಪ್ರಯೋಗ ಚೆನ್ನಾಗಿ ಕೂತಿದೆ: ಸ್ಟೋರಿಬೋರ್ಡ್ ಚಿತ್ರಗಳನ್ನ ಜೋಡಿಸಿ, ಕಚ್ಚಾ ಸ್ಕ್ರ್ಯಾಚ್ ವಾಯ್ಸ್ ಹಾಕಿದ ಅನಿಮ್ಯಾಟಿಕ್ ವಿಡಿಯೋನ, ಬ್ರೀಫ್ ಗೊತ್ತಿಲ್ಲದ ಐದಾರು ಜನಕ್ಕೆ ತೋರಿಸಿ, ಈ ಫಿಲ್ಮ್ ಏನು ಹೇಳ್ತು ಅಂತ ಒಂದೊಂದು ವಾಕ್ಯ ಬರೆಸೋದು. ಎರಡು ಮೂರು ತರ ಉತ್ತರ ಬಂದ್ರೆ ಶೂಟ್ ಡೇಟ್ ಮುಂದೆ ಹಾಕ್ತೀನಿ. ಫ್ಯಾನ್ ಅನಿಮ್ಯಾಟಿಕ್‌ಗೆ ಒಬ್ರು "ಗಡಿಯಾರದ ಆ್ಯಡ್ಡಾ?" ಅಂದಿದ್ರು, ಅದಕ್ಕೇ ಟಿಕ್ ಟಿಕ್ ಶುರುವಾಗೋ ಮುಂಚೆ ತಿರುಗ್ತಿರೋ ಫ್ಯಾನನ್ನ ಇನ್ನೊಂದು ಸೆಕೆಂಡ್ ಜಾಸ್ತಿ ಹಿಡಿದ್ವಿ.

ಎಲ್ಲದಕ್ಕೂ ಇದು ನಡೆಯಲ್ಲ. ಡಿಸ್ಕೌಂಟ್ ಸೇಲ್ ಆ್ಯಡ್‌ನಲ್ಲಿ ದಿನಾಂಕ, ಆಫರ್, ಅಂಗಡಿ ಎಲ್ಲಾ ಹೇಳಲೇಬೇಕು, ಅಲ್ಲಿ ಪಟ್ಟಿನೇ ಐಡಿಯಾ, ವಾಕ್ಯ ಹಿಡ್ಕೊಂಡು ಕೂತ್ರೆ ಟೈಮ್ ವೇಸ್ಟ್. ಕಾನೂನಿನ ಪ್ರಕಾರ ಎಚ್ಚರಿಕೆ ಓದಲೇಬೇಕಾದ ಪ್ರಾಡಕ್ಟ್ ಆದ್ರೆ ಕೈಗೆ ಸಿಗೋದೇ 20-22 ಸೆಕೆಂಡ್, ಆಗ "ಯಾಕೆ ನಂಬಬೇಕು" ಅನ್ನೋ ಭಾಗವನ್ನ ಮಾತಲ್ಲಿ ಹೇಳೋಕೆ ಜಾಗ ಇರಲ್ಲ, ಒಂದೇ ಶಾಟ್‌ನಲ್ಲಿ ತೋರಿಸೋ ಹಾಗೆ ವಾಕ್ಯವನ್ನೇ ತಿರುಗಿ ಬರೀಬೇಕು. ಕ್ಲೈಂಟ್ ಕಡೆ ಕೊನೇ ಮಾತು ಯಾರದ್ದು ಅಂತ ಗೊತ್ತಿಲ್ದೆ ಸೈನ್ ಹಾಕ್ಸೋದೂ ವ್ಯರ್ಥ, ಕೆಳಗಿನವರು ಒಪ್ಪಿದ ವಾಕ್ಯವನ್ನ ಮೇಲಿನವರು ಎಡಿಟ್ ದಿನ ಮೊದಲ ಸಲ ನೋಡ್ತಾರೆ. ಈಗ ನಾನು ಸೈನ್ ಹಾಕೋರ ಹೆಸರನ್ನ ಕೊಟೇಶನ್‌ನಲ್ಲೇ ಕೇಳ್ತೀನಿ, ಅಡ್ವಾನ್ಸ್ ಕಾಲಂ ಪಕ್ಕದಲ್ಲೇ.