ಏಳು ಖಾಲಿ ಚೌಕಗಳು

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಶಾಲೆಯ ಪ್ರಶ್ನೆಪತ್ರಿಕೆ, ಇವೇ ಜಾಸ್ತಿ. ಈಚೆಗೆ ಸ್ಲೈಡ್ ಮಾಡಿಸಲು ಬರುವವರೂ ಇದ್ದಾರೆ. ಸಹಕಾರಿ ಸಂಘದವರು ಮಹಾಸಭೆಗೆ, ಕೃಷಿಯವರು ತರಬೇತಿಗೆ. ಸ್ಲೈಡಿನಲ್ಲಿ ಇಮೋಜಿ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನಾನು ಕಲಿತದ್ದು ಅಂಥ ಒಂದು ಮಹಾಸಭೆಯಲ್ಲಿ.

ಸಂಘದ ಸಾಲ ವಸೂಲಿಯ ಲೆಕ್ಕವನ್ನು ಒಂದೇ ಸ್ಲೈಡಿನಲ್ಲಿ ತೋರಿಸಬೇಕಿತ್ತು. ಎಂಟು ವಾರ್ಡುಗಳು. ಅಂಕಿ ಹಾಕಿದರೆ ಹಿಂದೆ ಕೂತವರಿಗೆ ಕಾಣುವುದಿಲ್ಲ ಎಂದುಕೊಂಡು, ವಾರ್ಡಿನ ಹೆಸರಿನ ಮುಂದೆ ಬಣ್ಣದ ಚುಕ್ಕೆ ಹಾಕಿದೆ. ಚೆನ್ನಾಗಿ ವಸೂಲಾದ ಐದಕ್ಕೆ 🟢, ನಡುವಿನ ಎರಡಕ್ಕೆ 🟡, ಹಿಂದುಳಿದ ಒಂದಕ್ಕೆ 🔴. ನನ್ನ ಲ್ಯಾಪ್‌ಟಾಪಿನಲ್ಲಿ ಚಂದ ಕಂಡಿತು.

ಸಭೆಯ ಹಾಲಿನಲ್ಲಿದ್ದ ಕಂಪ್ಯೂಟರ್ ಹಳೆಯದು. ವಿಂಡೋಸ್ 10 ಇತ್ತು, ಆದರೆ ವರ್ಷಗಟ್ಟಲೆ ಅಪ್‌ಡೇಟ್ ಆಗಿರಲಿಲ್ಲ. ಪೆನ್‌ಡ್ರೈವ್ ಹಾಕಿ ಸ್ಲೈಡ್ ತೆರೆದಾಗ ಕೆಂಪು ಚುಕ್ಕೆ ಒಂದೇ ಬಂತು. ಉಳಿದ ಏಳು ಕಡೆ ಬರೇ ಖಾಲಿ ಚೌಕ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಎಂತದು ಇದು, ಏಳು ವಾರ್ಡಿನ ಲೆಕ್ಕವೇ ಆಗಲಿಲ್ವಾ?" ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅರ್ಜಿಯಲ್ಲಿ ಟಿಕ್ ಹಾಕದೆ ಬಿಟ್ಟ ಚೌಕದ ಹಾಗೆಯೇ ಅದು ಕಾಣುತ್ತಿತ್ತು. ಕೆಂಪು ಚುಕ್ಕೆಯ ವಾರ್ಡಿನವರಿಗೆ ಬೇಜಾರಾಯಿತು. ಇಡೀ ಪರದೆಯಲ್ಲಿ ಬಣ್ಣ ಇದ್ದದ್ದು ಅವರ ಹೆಸರಿನ ಮುಂದೆ ಮಾತ್ರ.

ಮನೆಗೆ ಬಂದು ಕಾರಣ ಹುಡುಕಿದೆ. ಇಮೋಜಿ ಎಂದರೆ ಚಿತ್ರ ಅಲ್ಲ, ಅದೂ ಒಂದು ಅಕ್ಷರ. ನಾವು ಕಡತದಲ್ಲಿ ಉಳಿಸುವುದು ಅದರ ಯೂನಿಕೋಡ್ ಸಂಖ್ಯೆಯನ್ನು ಮಾತ್ರ. ಅದನ್ನು ಬಿಡಿಸಿ ತೋರಿಸುವುದು ಕಡತ ತೆರೆದ ಕಂಪ್ಯೂಟರಿನಲ್ಲಿರುವ ಫಾಂಟ್. ಕೆಂಪು ಚುಕ್ಕೆ ಯೂನಿಕೋಡಿಗೆ ಸೇರಿದ್ದು 2010ರಲ್ಲಿ. ಹಸಿರು, ಹಳದಿ ಚುಕ್ಕೆಗಳು ಸೇರಿದ್ದು 2019ರಲ್ಲಿ. ಅದಕ್ಕಿಂತ ಮೊದಲಿನ ಫಾಂಟಿಗೆ ಕೆಂಪು ಗೊತ್ತು, ಹಸಿರು ಗೊತ್ತಿಲ್ಲ. ನೋಡಲು ಒಂದೇ ಮನೆಯ ಮೂರು ಮಕ್ಕಳ ಹಾಗಿದ್ದರೂ ಅವು ಹುಟ್ಟಿದ ವರ್ಷ ಬೇರೆ ಬೇರೆ.

ಚುಕ್ಕೆಯೇ ಬೇಕು ಎಂದಾದರೆ ಈಗ Insert → Shapes ಮೂಲಕ ಬಿಡಿಸುತ್ತೇನೆ. ಅದು ಆಕೃತಿ, ಅಕ್ಷರ ಅಲ್ಲ. ಎಲ್ಲಿ ತೆರೆದರೂ ಹಾಗೆಯೇ ಇರುತ್ತದೆ. ಮೂರು ಸ್ಥಿತಿಗೆ ಮೂರು ಬೇರೆ ಆಕಾರ ಕೊಡುತ್ತೇನೆ: ವೃತ್ತ, ತ್ರಿಕೋನ, ಚೌಕ. ಸಭೆಯಲ್ಲಿ ಹಂಚುವುದು ಕಪ್ಪು ಬಿಳುಪು ಜೆರಾಕ್ಸ್ ಅಲ್ವಾ, ಅದರಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣವಾಗುತ್ತದೆ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರೂ ಸಭೆಯಲ್ಲಿ ಇರಬಹುದು.

ಆದರೆ ಫಾಂಟ್ ಸರಿ ಇದ್ದಿದ್ದರೂ ಆ ಸ್ಲೈಡ್ ತಪ್ಪೇ ಆಗಿತ್ತು. ಇದು ಗೊತ್ತಾದದ್ದು ಮರುವಾರ, ಸೆಕ್ರೆಟರಿಯವರ ಜೊತೆ ಕೂತು ಅದನ್ನು ಸರಿ ಮಾಡುವಾಗ. "ಹಳದಿ ಎಲ್ಲಿಂದ ಶುರು ಸರ್?" ಎಂದು ಕೇಳಿದೆ. ಅವರಲ್ಲಿ ಉತ್ತರ ಇರಲಿಲ್ಲ. ನನ್ನಲ್ಲೂ ಇರಲಿಲ್ಲ. 79% ವಸೂಲಾದ ವಾರ್ಡಿಗೆ ಹಳದಿ, 81% ಇದ್ದದ್ದಕ್ಕೆ ಹಸಿರು ಕೊಟ್ಟಿದ್ದೆ, ಸುಮ್ನೆ ಕಣ್ಣಂದಾಜಿನಲ್ಲಿ. ಎರಡು ಅಂಕದ ವ್ಯತ್ಯಾಸ ಪರದೆಯ ಮೇಲೆ ಒಳ್ಳೆಯವರು, ಸಾಧಾರಣದವರು ಎಂಬ ತೀರ್ಪಾಗಿತ್ತು. ಹಣದ ಲೆಕ್ಕದಲ್ಲಿ ಬಣ್ಣದ ಚುಕ್ಕೆ ಮಾಡುವ ದೊಡ್ಡ ಹಾನಿ ಇದು ಎಂದು ನನಗನಿಸುತ್ತದೆ. ಅಂಕಿ ಮುಚ್ಚಿಹೋಗಿ ಅಭಿಪ್ರಾಯ ಮಾತ್ರ ಉಳಿಯುತ್ತದೆ. ಈಗ ಆ ಸ್ಲೈಡ್ ಎರಡಾಗಿದೆ. ಒಂದೊಂದರಲ್ಲಿ ನಾಲ್ಕು ವಾರ್ಡು, ಹೆಸರಿನ ಮುಂದೆ ದೊಡ್ಡದಾಗಿ ಶೇಕಡಾವಾರು. ಚುಕ್ಕೆಯೇ ಬೇಕಾಗಲಿಲ್ಲ, ಹಿಂದಿನ ಸಾಲಿಗೂ ಕಾಣುತ್ತದೆ.

ಏರಿಕೆ ತೋರಿಸುವ 📈 ಇಮೋಜಿಯನ್ನೂ ಲೆಕ್ಕದ ಸ್ಲೈಡಿನಿಂದ ತೆಗೆದೆ. ಎಷ್ಟೋ ಫೋನುಗಳಲ್ಲಿ ಅದರ ಗೆರೆ ಕೆಂಪು. ಇಮೋಜಿ ಹುಟ್ಟಿದ ಜಪಾನಿನಲ್ಲಿ ಷೇರು ಬೆಲೆ ಏರಿದರೆ ಕೆಂಪು ಹಾಕುತ್ತಾರೆ. ನಮ್ಮಲ್ಲಿ ಕೆಂಪು ಎಂದರೆ ನಷ್ಟ. ಅಡಿಕೆ ಧಾರಣೆ ಏರಿತು ಎಂದು ಬರೆದು ಪಕ್ಕದಲ್ಲಿ ಕೆಂಪು ಗೆರೆ ಇಟ್ಟರೆ ಬೆಳೆಗಾರರು ಯಾವುದನ್ನು ನಂಬಬೇಕು? ಸಾದಾ ▲ ▼ ಸಾಕು. ಅವು ಹಳೆಯ ಚಿಹ್ನೆಗಳು, ಹೆಚ್ಚಿನ ಕಂಪ್ಯೂಟರುಗಳಲ್ಲಿ ಸರಿಯಾಗಿ ಬರುತ್ತವೆ, ಅಕ್ಷರದ ಬಣ್ಣದಲ್ಲೇ ಬರುತ್ತವೆ.

ಹಾಗೆಂದು ಚಿಹ್ನೆಯೇ ಬೇಡ ಎನ್ನುವವನಲ್ಲ ನಾನು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಬಗ್ಗೆ ಒಂದು ತರಬೇತಿಗೆ 14 ಸ್ಲೈಡ್ ಮಾಡಿದ್ದೆ. ನಮ್ಮ ಕಾಸರಗೋಡಿನ ಸಭೆಗಳು ಹೇಗೆ ಎಂದು ನಿಮಗೆ ಗೊತ್ತೇ ಇದೆ. ಕನ್ನಡ ಓದುವವರು, ಮಲಯಾಳ ಮಾತ್ರ ಓದುವವರು, ತುಳು ಮಾತಾಡುವವರು ಒಟ್ಟಿಗೆ ಕೂತಿರುತ್ತಾರೆ. ಸ್ಲೈಡಿನಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ. ಆ ಮದ್ದು ಬೋರ್ಡೋ ದ್ರಾವಣ, ಅದರ ಅಳತೆ ಸುಲಭ: ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತಪ್ಪುವುದು ಎರಡು ಕಡೆ. ಕಬ್ಬಿಣದ ಪಾತ್ರೆ ಬಳಸುತ್ತಾರೆ, ಇಲ್ಲವೇ ಸುಣ್ಣದ ನೀರನ್ನು ಮೈಲುತುತ್ತಿನ ನೀರಿಗೆ ಸುರಿಯುತ್ತಾರೆ. ಸುರಿಯಬೇಕಾದದ್ದು ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ, ಕದಡುತ್ತಾ.

ಈ ಎರಡು ತಪ್ಪನ್ನು ಹೇಳುವ ಒಂದು ಸ್ಲೈಡಿಗೆ ಮಾತ್ರ ಚಿಹ್ನೆ ಹಾಕಿದೆ. ಪ್ಲಾಸ್ಟಿಕ್ ಡ್ರಮ್ಮಿನ ಫೋಟೋ ಕೆಳಗೆ ✓, ಕಬ್ಬಿಣದ ಡ್ರಮ್ಮಿನ ಕೆಳಗೆ ✗. ಸುರಿಯುವ ಕ್ರಮಕ್ಕೆ ಒಂದು ದಪ್ಪ ಬಾಣ. ಪಕ್ಕದಲ್ಲಿ ಎರಡೂ ಭಾಷೆಯಲ್ಲಿ ಎರಡೆರಡು ಪದ. ಟಿಕ್ ಮತ್ತು ತಪ್ಪು ಗುರುತು ಶಾಲೆಗೆ ಹೋದ ಎಲ್ಲರಿಗೂ ಗೊತ್ತು, ಅದಕ್ಕೆ ಅನುವಾದ ಬೇಡ. ಮೊದಲ ಆರು ಸ್ಲೈಡಿನಲ್ಲಿ ಏನೂ ಇರಲಿಲ್ಲವಾದ್ದರಿಂದ ಏಳನೆಯದು ಬಂದಾಗ ಜನ ತಲೆ ಎತ್ತಿ ನೋಡಿದರು. ಫೋನಿನಲ್ಲಿ ಫೋಟೋ ತೆಗೆದುಕೊಂಡದ್ದೂ ಅದೊಂದನ್ನೇ. ಪ್ರತಿ ಸಾಲಿನ ಮುಂದೆ ಎಲೆ, ಹನಿ, ಬೆರಳು ಎಲ್ಲ ಅಂಟಿಸಿದ್ದರೆ ಈ ಬಾಣವೂ ಅಲಂಕಾರವಾಗಿಯೇ ಹೋಗುತ್ತಿತ್ತು.

ಈಗ ಸ್ಲೈಡ್ ಮುಗಿದ ಮೇಲೆ ಒಬ್ಬನೇ ಕೂತು ಗಟ್ಟಿಯಾಗಿ ಓದುತ್ತೇನೆ. ಓದುವಾಗ ಬಾಯಿಗೆ ಬಾರದ, ಬಿಟ್ಟರೂ ಅರ್ಥ ಕೆಡದ ಚಿಹ್ನೆಯನ್ನು ತೆಗೆಯುತ್ತೇನೆ. ಪಿಡಿಎಫ್ ಪ್ರತಿಯೊಂದನ್ನೂ ಜೊತೆಗೆ ಒಯ್ಯುತ್ತೇನೆ. ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲೇ ಎಲ್ಲ ಸ್ಲೈಡ್ ಒಮ್ಮೆ ಓಡಿಸುತ್ತೇನೆ.

ಇನ್ನೊಂದು ಮಾತು, ಹೇಳಲು ಕಷ್ಟವಾದದ್ದು. ಅದೇ ಮಹಾಸಭೆಯ ಮೊದಲ ಸ್ಲೈಡ್ ಶ್ರದ್ಧಾಂಜಲಿ. ಆ ವರ್ಷ ತೀರಿಕೊಂಡ ಸದಸ್ಯರ ಹೆಸರುಗಳ ಮುಂದೆ ನಾನು 😢 ಹಾಕಿದ್ದೆ. ವಾಟ್ಸ್ಯಾಪಿನಲ್ಲಿ ಎಲ್ಲರೂ ಹಾಕುತ್ತಾರಲ್ಲ ಎಂಬ ಧೈರ್ಯ. ಸಭೆ ಮುಗಿದ ಮೇಲೆ ಒಬ್ಬರ ಮಗ ಬಂದು ಮೆಲ್ಲ ಕೇಳಿದರು: "ಅಣ್ಣಾ, ಅಪ್ಪನ ಹೆಸರಿನ ಹತ್ತಿರ ಆ ಹಳದಿ ಮುಖ ಯಾಕೆ ಬೇಕಿತ್ತು?" ನಾನು ಕ್ಷಮೆ ಕೇಳಿದೆ.

ಮರುವರ್ಷ ಅದೇ ಸ್ಲೈಡಿನಲ್ಲಿ ಹೆಸರು, ಮನೆ ಹೆಸರು, ಊರು ಇಷ್ಟೇ ಇಟ್ಟೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಕೈ ಮುಗಿದ 🙏 ಆದರೂ ಇರಲಿ ಎಂದು ಸೆಕ್ರೆಟರಿಯವರು ಹೇಳಿದ್ದರು. ಬೇಡ ಸರ್, ಎದ್ದು ನಿಂತವರೇ ಕೈ ಮುಗಿಯುತ್ತಾರೆ ಎಂದೆ.