ಎರಡು ಅರೇಕಾ ಪಾಮ್, ಎರಡು ಬೇರೆ ಕಾಯಿಲೆ

ಹೋದ ವರ್ಷ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಫ್ಲ್ಯಾಟ್‌ನ ಎರಡೂ ಅರೇಕಾ ಪಾಮ್‌ಗಳ ಎಲೆ ತುದಿ ಕಂದು ಬಣ್ಣಕ್ಕೆ ತಿರುಗತೊಡಗಿತು. ಒಂದು ಹಾಲ್‌ನಲ್ಲಿತ್ತು. ಎರಡೂವರೆ ವರ್ಷದಿಂದ ಅದೇ ಕುಂಡ, ಅದೇ ಮಣ್ಣು. ಇನ್ನೊಂದನ್ನು ನವೆಂಬರ್‌ನಲ್ಲಷ್ಟೇ ತಂದು ಹೊಸ ಮಣ್ಣಿಗೆ ಹಾಕಿ, ನಮ್ಮ ಯಜಮಾನರು ಕೂತು ಕೆಲಸ ಮಾಡುವ ರೂಮಿನಲ್ಲಿಟ್ಟಿದ್ದೆ. ಬೇಸಿಗೆ ಬಂತು, ಗಾಳಿ ಒಣಗಿದೆ, ಅದಕ್ಕೇ ಹೀಗೆ ಅಂದುಕೊಂಡೆ. ದಿನಕ್ಕೆ ಎರಡು ಸಲ ಎರಡಕ್ಕೂ ನೀರು ಸ್ಪ್ರೇ ಮಾಡಿದೆ. ಮೂರು ವಾರ ಮಾಡಿದರೂ ತುದಿ ಒಣಗುವುದು ನಿಲ್ಲಲಿಲ್ಲ. ಎಲೆಗಳ ಮೇಲೆ ಬಿಳಿ ಚುಕ್ಕೆಗಳು ಮಾತ್ರ ಉಳಿದವು.

ಆ ಬಿಳಿ ಚುಕ್ಕೆ ನೋಡಿದ ಮೇಲೆಯೇ ನನಗೆ ನೀರಿನ ಮೇಲೆ ಅನುಮಾನ ಬಂದಿದ್ದು.

ಕಾರಣ ಒಣ ಗಾಳಿಯಾಗಲಿ, ನೀರಿನ ಉಪ್ಪಾಗಲಿ, ಎಲೆ ಒಣಗುವುದು ತುದಿಯಿಂದಲೇ. ಬೇರಿನಿಂದ ಹೊರಟ ನೀರು ಕೊನೆಗೆ ತಲುಪುವ ಜಾಗ ಅದು. ಗಾಳಿ ತುಂಬಾ ಒಣಗಿದ್ದರೆ ಬೇರು ಕಳಿಸುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತದೆ, ತುದಿಗೆ ನೀರು ಸಾಲದೆ ಅದು ಸಾಯುತ್ತದೆ. ಮಣ್ಣಿನಲ್ಲಿ ಉಪ್ಪು ಜಾಸ್ತಿ ಇದ್ದರೆ, ನೀರಿನ ಜೊತೆ ಬಂದ ಉಪ್ಪು ತುದಿಯಲ್ಲೇ ಉಳಿದು ಅಲ್ಲಿನ ಜೀವಕೋಶಗಳನ್ನು ಸುಡುತ್ತದೆ. ಸಾಲದ್ದಕ್ಕೆ ಉಪ್ಪಿನ ಮಣ್ಣಿನಿಂದ ನೀರು ಎಳೆದುಕೊಳ್ಳುವುದೂ ಬೇರಿಗೆ ಕಷ್ಟ. ಹಾಗಾಗಿ ಒಣಗಿದ ಒಂದು ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಏನೂ ಗೊತ್ತಾಗಲ್ಲ. ಇಡೀ ಗಿಡದಲ್ಲಿ ಯಾವ ಯಾವ ಎಲೆ ಒಣಗಿದೆ ಅಂತ ನೋಡಬೇಕು.

ನಾನು ಒಂದು ಪರ್ಮನೆಂಟ್ ಮಾರ್ಕರ್ ತಗೊಂಡೆ. ಪ್ರತಿ ಗಿಡದಲ್ಲಿ ಹತ್ತು ಎಲೆ ಆರಿಸಿದೆ: ಬುಡದ ಹಳೆಯವು, ನಡುವಿನವು, ಆಗತಾನೇ ಸುಳಿಯಿಂದ ಬಿಚ್ಚಿಕೊಂಡವು. ಕಂದು ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲಿ ಸಣ್ಣ ಗೆರೆ ಎಳೆದೆ. ಒಣಗಿದ್ದು ಮತ್ತೆ ಹಸಿರಾಗಲ್ಲ. ಅದಕ್ಕೇ ಗಿಡ ಸುಧಾರಿಸಿದೆಯೋ ಇಲ್ಲವೋ ತಿಳಿಯಲು ಈ ಗೆರೆಯೇ ದಾರಿ. ಕಂದು ಗೆರೆ ದಾಟಿದರೆ ತೊಂದರೆ ಇನ್ನೂ ಇದೆ, ಅಲ್ಲೇ ನಿಂತರೆ ನಿಂತಿದೆ.

ಮೂರು ವಾರ ಬಿಟ್ಟು ನೋಡಿದಾಗ ಎರಡು ಗಿಡಗಳಲ್ಲೂ ಒಂದೇ ಥರ ಇರಲಿಲ್ಲ. ಹಾಲ್‌ನ ಗಿಡದಲ್ಲಿ ಬುಡದ ಹಳೆ ಎಲೆಗಳಲ್ಲಿ ಕಂದು ಒಂದೂವರೆ ಸೆಂಟಿಮೀಟರ್ ಮುಂದೆ ಬಂದಿತ್ತು. ನಡುವಿನವುಗಳಲ್ಲಿ ಸ್ವಲ್ಪ. ಹೊಸ ಎಲೆಗಳಲ್ಲಿ ಏನೂ ಇಲ್ಲ. ಕಂದು ಮತ್ತು ಹಸಿರಿನ ನಡುವೆ ಹಳದಿ ಪಟ್ಟಿ ಇತ್ತು. ಎಲೆ ಎಷ್ಟು ಹಳೆಯದೋ ಅಷ್ಟು ಉಪ್ಪು ಅದರಲ್ಲಿ ಸೇರಿರುತ್ತದೆ, ಅಲ್ವಾ? ರೂಮಿನ ಗಿಡದಲ್ಲಿ ಎಲೆಯ ವಯಸ್ಸಿಗೂ ಒಣಗಿದ್ದಕ್ಕೂ ಸಂಬಂಧವೇ ಇರಲಿಲ್ಲ. ಎಸಿ ಕಡೆ ಮುಖ ಮಾಡಿದ ಎಲೆಗಳೆಲ್ಲ ಒಣಗಿದ್ದವು, ಹೋದ ವಾರ ಬಿಚ್ಚಿಕೊಂಡ ಎಳೆಯ ಗರಿ ಕೂಡ. ಗೋಡೆ ಕಡೆಯ ಎಲೆಗಳು ಹಸಿರಾಗಿಯೇ ಇದ್ದವು. ಒಣಗಿದ ಭಾಗ ತೆಳುವಾಗಿ, ಹುಲ್ಲಿನ ಬಣ್ಣಕ್ಕೆ ತಿರುಗಿ, ಹಳದಿ ಪಟ್ಟಿ ಇಲ್ಲದೆ ಥಟ್ಟನೆ ಹಸಿರಿಗೆ ಸೇರುತ್ತಿತ್ತು.

ಇಷ್ಟಕ್ಕೇ ತೀರ್ಮಾನ ಮಾಡಬಹುದಿತ್ತು. ಆದರೆ ನನಗೆ ಅಳತೆ ಬೇಕಿತ್ತು. ಕುಡಿಯುವ ನೀರು ಪರೀಕ್ಷೆ ಮಾಡಲು ಮನೆಯಲ್ಲಿ ಟಿಡಿಎಸ್ ಪೆನ್ ಇತ್ತು, ನೀರಿನಲ್ಲಿ ಕರಗಿರುವ ಉಪ್ಪನ್ನು ಅಳೆಯುವಂಥದ್ದು. ಕುಂಡದ ಮಣ್ಣಿನಲ್ಲಿ ಎಷ್ಟು ಉಪ್ಪಿದೆ ಅಂತ ಅದರಲ್ಲೇ ನೋಡಬಹುದು. ಮೊದಲು ಗಿಡಕ್ಕೆ ಎಂದಿನ ನೀರನ್ನೇ ಮಣ್ಣು ಪೂರ್ತಿ ನೆನೆಯುವಷ್ಟು ಹಾಕಿ ಒಂದು ಗಂಟೆ ಬಿಟ್ಟೆ. ಆಮೇಲೆ ಕುಂಡವನ್ನು ಎರಡು ಇಟ್ಟಿಗೆ ಮೇಲಿಟ್ಟು, ಕೆಳಗೆ ತೊಳೆದು ಒರೆಸಿದ ತಟ್ಟೆ ಇಟ್ಟೆ. ಮಣ್ಣಿನ ಮೇಲೆ ಸುತ್ತಲೂ ನಿಧಾನವಾಗಿ ಒಂದು ಲೋಟ ನೀರು ಹೊಯ್ದೆ. ಹೊಸ ನೀರು ಮೇಲಿನಿಂದ ಒತ್ತಿದಾಗ, ಬೇರಿನ ಸುತ್ತ ನಿಂತಿದ್ದ ನೀರು ಕೆಳಗೆ ಬಸಿಯುತ್ತದೆ. ಮೊದಲು ಬಸಿದ ಐವತ್ತು ಎಂ.ಎಲ್. ಹಿಡಿದು ಅದಕ್ಕೆ ಪೆನ್ ಅದ್ದಿದರೆ ಸಾಕು. ಜಾಸ್ತಿ ಹೊಯ್ದು ಜಾಸ್ತಿ ಹಿಡಿದರೆ ಹೊಸ ನೀರು ಬೆರೆತು ಅಂಕಿ ಕಡಿಮೆ ಬರುತ್ತದೆ.

ಹಾಲ್‌ನ ಗಿಡದ ನೀರಿಗೆ ಪೆನ್ 312 ತೋರಿಸಿತು. ನಲ್ಲಿ ನೀರೇ 620 ಇರುವಾಗ ಇದು ಹೇಗೆ ಸಾಧ್ಯ ಅಂತ ಮತ್ತೆ ನೋಡಿದೆ. ಅಂಕಿಯ ಪಕ್ಕ x10 ಮಿನುಗುತ್ತಿತ್ತು. ನನ್ನ ಪೆನ್‌ನಲ್ಲಿ 999 ದಾಟಿದರೆ ಹೀಗೆ ಬರುತ್ತದೆ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಅಂದರೆ 3120 ಪಿಪಿಎಂ. ನಿಮ್ಮ ಪೆನ್‌ನಲ್ಲೂ ಇದನ್ನು ಗಮನಿಸಿ, ಇಲ್ಲದಿದ್ದರೆ ತೀರಾ ಉಪ್ಪಿರುವ ಕುಂಡವೇ ಚೆನ್ನಾಗಿದೆ ಅನಿಸಿಬಿಡುತ್ತದೆ. ರೂಮಿನ ಗಿಡದ್ದು 840 ಬಂತು. ಹಾಕುವ ನೀರೇ 620 ಇರುವಾಗ ಅದು ಏನೇನೂ ಜಾಸ್ತಿಯಲ್ಲ. ನಾನು ಇಟ್ಟುಕೊಂಡ ಲೆಕ್ಕ ಇಷ್ಟು: ಬಸಿದ ನೀರು 1500ರ ಒಳಗಿದ್ದರೆ ಚಿಂತೆ ಇಲ್ಲ, 2500 ದಾಟಿದರೆ ಮಣ್ಣು ತೊಳೆಯಲೇಬೇಕು.

ರೂಮಿನಲ್ಲಿ ಗಿಡದ ಪಕ್ಕ ತೇವಾಂಶ ಅಳೆಯುವ ಚಿಕ್ಕ ಮೀಟರ್ ಕೂಡ ಇಟ್ಟೆ. ಬೆಳಿಗ್ಗೆ ಶೇ. 60ರ ಹತ್ತಿರ ಇರುತ್ತಿತ್ತು, ಮಧ್ಯಾಹ್ನ ಮೂರಕ್ಕೆ 27ಕ್ಕೆ ಇಳಿಯುತ್ತಿತ್ತು. ಹಾಲ್‌ನಲ್ಲೂ ಮಧ್ಯಾಹ್ನ 30ರ ಆಸುಪಾಸೇ. ಅಲ್ಲಿನ ಹೊಸ ಎಲೆಗಳು ಅದನ್ನು ತಡೆದುಕೊಂಡಿದ್ದವು. ಹಾಗಾಗಿ ರೂಮಿನ ಗಿಡವನ್ನು ಸುಟ್ಟಿದ್ದು ಬರೀ ಒಣಹವೆ ಅಲ್ಲ, ದಿನಕ್ಕೆ ಏಳು ಗಂಟೆ ನೇರವಾಗಿ ಬಡಿಯುವ ಎಸಿ ಗಾಳಿ. ಗಾಳಿ ಬೀಸುತ್ತಲೇ ಇದ್ದರೆ ಎಲೆಯ ನೀರು ಇನ್ನೂ ಬೇಗ ಆರುತ್ತದೆ.

ಇನ್ನು ಹಾಲ್‌ನ ಗಿಡಕ್ಕೆ ಅಷ್ಟು ಉಪ್ಪು ಬಂದಿದ್ದು ಎಲ್ಲಿಂದ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬೋರ್‌ವೆಲ್ ನೀರು ಸಾಫ್ಟ್‌ನರ್ ದಾಟಿ ಮನೆಗಳಿಗೆ ಬರುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಾಗಾಗಿ ಅದನ್ನು ಒಳ್ಳೆ ನೀರು ಅಂತಲೇ ನಂಬಿದ್ದೆ. ಕೆಳಗೆ ತೋಟ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. "ಮೇಡಂ, ಗಿಡಕ್ಕೆ ನಾವು ಆ ನೀರು ಹಾಕಲ್ಲ. ಸಾಫ್ಟ್‌ನರ್‌ಗೆ ಮೂಟೆಗಟ್ಟಲೆ ಉಪ್ಪು ಸುರೀತಾರಲ್ಲ, ನೋಡಿಲ್ವಾ? ನಮ್ದು ಬೋರಿಂದ ನೇರ ಬೇರೆ ಲೈನು" ಅಂದರು. ಅವರು ಹೇಳಿದ್ದು ಸರಿ. ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲು ಸೋಡಿಯಂ ಬಿಡುತ್ತದೆ. ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಹೋಗಿ, ಬೇಡದ ಸೋಡಿಯಂ ಬಂದಿರುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ನಾನು ನೀರು ಹಾಕುತ್ತಿದ್ದ ರೀತಿಯಲ್ಲಿತ್ತು. ನೆಲ ಒದ್ದೆಯಾಗಬಾರದು ಅಂತ ವಾರಕ್ಕೆ ಮೂರು ಸಲ ಅರ್ಧರ್ಧ ಲೀಟರ್ ಹಾಕುತ್ತಿದ್ದೆ. ಕೆಳಗಿನಿಂದ ಒಂದು ಹನಿಯೂ ಹೊರಗೆ ಹೋಗುತ್ತಿರಲಿಲ್ಲ. ಲೀಟರ್‌ಗೆ 620 ಮಿಲಿಗ್ರಾಂ ಅಂದರೆ ವಾರಕ್ಕೆ ಒಂದು ಗ್ರಾಂನಷ್ಟು, ವರ್ಷಕ್ಕೆ ಹತ್ತಿರ ಹತ್ತಿರ 48 ಗ್ರಾಂ. ಎರಡೂವರೆ ದೊಡ್ಡ ಚಮಚ ಅಡುಗೆ ಉಪ್ಪಿನಷ್ಟು! ಅದರಲ್ಲಿ ಸ್ವಲ್ಪವನ್ನಷ್ಟೇ ಗಿಡ ತಗೊಳ್ಳುತ್ತದೆ. ಇದರ ಮೇಲೆ ತಿಂಗಳಿಗೊಮ್ಮೆ 19:19:19 ಗೊಬ್ಬರ ಬೇರೆ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿತ್ತು, ಅದನ್ನು ಸುಣ್ಣದ ಕಲೆ ಅಂದುಕೊಂಡು ಒರೆಸುತ್ತಾ ಬಂದಿದ್ದೆ.

ಮಣ್ಣು ತೊಳೆಯಲು ಒಂದು ಭಾನುವಾರ ಗಿಡವನ್ನು ಬಾಲ್ಕನಿಗೆ ಒಯ್ದೆವು. ಮೊದಲು ಮೇಲಿನ ಒಂದು ಸೆಂಟಿಮೀಟರ್ ಮಣ್ಣನ್ನು ಕೆರೆದು ಎಸೆದೆ, ಬಿಳಿ ಪದರ ಅಲ್ಲೇ ಜಾಸ್ತಿ ಇತ್ತು. ಕುಂಡ ಹತ್ತಿಂಚಿನದು, ಸುಮಾರು ಹತ್ತು ಲೀಟರ್ ಹಿಡಿಯುತ್ತದೆ. ಅದರ ಎರಡರಷ್ಟು, ಅಂದರೆ 20 ಲೀಟರ್ ನೀರು ಹಾಯಿಸಬೇಕು. ಇದಕ್ಕೆ ತೋಟದ ಲೈನಿನ ಬೋರ್ ನೀರನ್ನೇ ತಂದೆ. ಅದರ ಟಿಡಿಎಸ್ ಕೂಡ 600ರ ಹತ್ತಿರ, ಆದರೆ ಅದರಲ್ಲಿರುವ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸಲು ನೆರವಾಗುತ್ತದೆ. ಐದೈದು ಲೀಟರ್ ನಿಧಾನವಾಗಿ ಹೊಯ್ದು, ಪೂರ್ತಿ ಬಸಿಯಲು ಬಿಟ್ಟು, ಪ್ರತಿ ಸಲ ಬಸಿದ ನೀರು ಅಳೆದೆ: 2400, 1600, 1150, 900. ಕೊನೆಗೆ ಐದು ಲೀಟರ್ ಆರ್‌ಓ ನೀರು ಹಾಕಿದೆ. ಒಂದೇ ಸಲ ಬಕೆಟ್ ಬಗ್ಗಿಸಿದರೆ ನೀರು ಕುಂಡದ ಅಂಚಿನಿಂದ ಜಾರಿ ಹೋಗುತ್ತದೆ, ನಡುವಿನ ಉಪ್ಪು ಹಾಗೇ ಉಳಿಯುತ್ತದೆ. ಎರಡು ವಾರದ ನಂತರ ಮತ್ತೆ ಅಳೆದಾಗ 1700ಕ್ಕೆ ಏರಿತ್ತು, ಒಳಗಿದ್ದ ಉಪ್ಪು ನಿಧಾನವಾಗಿ ಕರಗಿ ಬಂದಿತ್ತು. ಇನ್ನೊಂದು ಸಲ ತೊಳೆದೆ. ಗೊಬ್ಬರವನ್ನು ಮೂರು ತಿಂಗಳು ನಿಲ್ಲಿಸಿದೆ.

ಒಂದು ವಿಷಯ ಹೇಳಲೇಬೇಕು. ನೀರು ದಂಡ ಆಗಬಾರದು ಅಂತ ತುಂಬಾ ಜನ ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಕುಂಡಗಳಿಗೆ ಹಾಕುತ್ತಾರೆ. ಒಳ್ಳೆ ನೀರಿನಿಂದ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ನೆಲ ಒರೆಸಲು ಬಳಸಿ, ಒಳಗಿಡುವ ಪಾಮ್‌ಗೆ ಬೇಡ.

ರೂಮಿನ ಗಿಡಕ್ಕೆ ಇಷ್ಟೆಲ್ಲ ಬೇಕಾಗಲಿಲ್ಲ. ಎಸಿ ಗಾಳಿ ಬಡಿಯದ ಮೂಲೆಗೆ, ಆರಡಿ ಆಚೆ ಸರಿಸಿದೆ. ಎಸಿಯ ರೆಕ್ಕೆಗಳನ್ನು ಮೇಲಕ್ಕೆ ತಿರುಗಿಸಿದೆವು. ಸ್ಪ್ರೇ ಮಾಡುವುದನ್ನು ಬಿಟ್ಟೆ. ಮೀಟರ್ ಇಟ್ಟು ನೋಡಿದ್ದೆ, ಸ್ಪ್ರೇ ಮಾಡಿದ ಕೆಲವೇ ನಿಮಿಷಕ್ಕೆ ಅಂಕಿ ಮೊದಲಿನ ಜಾಗಕ್ಕೇ ಬರುತ್ತಿತ್ತು.

ಎರಡೂ ಕಾರಣ ಒಂದೇ ಗಿಡದಲ್ಲಿ ಸೇರಿರುವುದೂ ಉಂಟು. ಗಾಳಿ ಒಣಗಿದ್ದಷ್ಟೂ ಗಿಡ ಜಾಸ್ತಿ ನೀರು ಎಳೆಯುತ್ತದೆ, ನೀವು ಜಾಸ್ತಿ ಹಾಕುತ್ತೀರಿ, ಉಪ್ಪೂ ಬೇಗ ಸೇರುತ್ತದೆ. ಗುರುತು ಹಿಡಿಯಲು ಆಗದಿದ್ದರೆ ಮಳೆಗಾಲದವರೆಗೆ ಕಾಯಬಹುದು. ಜೂನ್, ಜುಲೈನ ತೇವದ ಹವೆಯಲ್ಲೂ ಕಂದು ಗೆರೆ ದಾಟುತ್ತಿದ್ದರೆ ಅದು ಒಣ ಗಾಳಿಯದಲ್ಲ. ಹಳೆ ಎಲೆಗಳಲ್ಲಿ ತುದಿಯ ಜೊತೆ ಹಳದಿ ಅಥವಾ ಕಿತ್ತಳೆ ಚುಕ್ಕೆಗಳೂ ಇದ್ದರೆ ಪೊಟ್ಯಾಸಿಯಂ ಕೊರತೆ ಇರಬಹುದು. ಆಗ ಆ ಗರಿಗಳನ್ನು ಕತ್ತರಿಸಬೇಡಿ, ಗಿಡ ಹೊಸ ಎಲೆಗೆ ಪೊಟ್ಯಾಸಿಯಂ ತಗೊಳ್ಳುವುದು ಅವುಗಳಿಂದಲೇ. ಇನ್ನು ಫ್ಲೋರೈಡ್. ಪಾಮ್‌ಗಳ ಎಲೆ ತುದಿ ಸುಡಲು ಅದು ಸ್ವಲ್ಪವೇ ಸಾಕು, ಟಿಡಿಎಸ್ ಪೆನ್‌ಗೆ ಅದು ಬೇರೆಯಾಗಿ ಕಾಣಲ್ಲ. ಕೋಲಾರ, ಪಾವಗಡ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಅಲ್ಲಿನವರು ಪೆನ್ನಿನ ಅಂಕಿ ಕಡಿಮೆ ಬಂತು ಅಂತ ನೀರು ಸರಿ ಇದೆ ಅಂದುಕೊಳ್ಳಬಾರದು, ಮಳೆ ನೀರು ಹಿಡಿದು ಹಾಕುವುದು ಮೇಲು.

ಒಣಗಿದ ತುದಿಗಳನ್ನು ಕತ್ತರಿಯಿಂದ ಎಲೆಯ ಆಕಾರಕ್ಕೆ ಓರೆಯಾಗಿ ಕತ್ತರಿಸಿದೆ. ಕೂದಲೆಳೆಯಷ್ಟು ಕಂದು ಅಂಚು ಉಳಿಸಿದೆ, ಹಸಿರಿಗೆ ಕತ್ತರಿ ತಾಗಿದರೆ ಅಲ್ಲಿಂದ ಮತ್ತೆ ಒಣಗುತ್ತದೆ. ಗೆರೆ ಎಳೆದ ಎಲೆಗಳನ್ನು ಮಾತ್ರ ಮುಟ್ಟಲಿಲ್ಲ.

ರೂಮಿನ ಗಿಡದಲ್ಲಿ ಏಪ್ರಿಲ್ ಕೊನೆಗೇ ಕಂದು ಗೆರೆಯಲ್ಲಿ ನಿಂತಿತು. ಹಾಲ್‌ನದು ನಿಲ್ಲಲು ಜುಲೈ ಬಂತು. ಈಗ ಅದಕ್ಕೆ ತೋಟದ ನೀರು ಅರ್ಧ, ಆರ್‌ಓ ನೀರು ಅರ್ಧ ಬೆರೆಸಿ ಹಾಕುತ್ತೇನೆ. ಮೇಲಿನ ಎರಡಿಂಚು ಮಣ್ಣು ಒಣಗಿದ ಮೇಲಷ್ಟೇ, ಕೆಳಗಿನಿಂದ ಸ್ವಲ್ಪ ಬಸಿಯುವವರೆಗೆ. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲುತ್ತೇನೆ, ಇಲ್ಲದಿದ್ದರೆ ಮಣ್ಣು ಅದನ್ನೇ ಮತ್ತೆ ಹೀರಿಕೊಳ್ಳುತ್ತದೆ. ಗೊಬ್ಬರ ಮತ್ತೆ ಶುರು ಮಾಡಿದ್ದೇನೆ, ಮೊದಲಿನ ಅರ್ಧದಷ್ಟು, ಎರಡು ತಿಂಗಳಿಗೊಮ್ಮೆ. ಕುಂಡಕ್ಕೆ ಒಂದು ಚೀಟಿ ಅಂಟಿಸಿ, ತಿಂಗಳಿಗೊಮ್ಮೆ ಪೆನ್ನಿನ ಅಂಕಿ ಬರೆಯುತ್ತೇನೆ. ಕೊನೆಯ ಅಂಕಿ 980.