ಒಂದೇ ಕುರ್ತಿಗೆ ಹಲವು ಬಣ್ಣ: ನೆರಳು, ನೇಯ್ಗೆ ಕೆಡದಂತೆ ನಾನು ಮಾಡುವ ಕ್ರಮ

ಉಡುಪಿ, ಮಂಗಳೂರು ಕಡೆಯ ಬಟ್ಟೆ ಅಂಗಡಿಗಳಿಂದ ನನಗೆ ಬರುವ ಕೆಲಸ ಹೆಚ್ಚಾಗಿ ಹೀಗಿರುತ್ತದೆ: ಮಾಡೆಲ್‌ ತೊಟ್ಟ ಕುರ್ತಿ ಒಂದು, ಉಳಿದ ಬಣ್ಣಗಳಿಗೆ ಅಂಗೈಯಗಲದ ಸ್ಯಾಂಪಲ್ ತುಂಡುಗಳು. ಆ ಒಂದೇ ಫೋಟೋದ ಕುರ್ತಿಗೆ ತುಂಡುಗಳ ಬಣ್ಣ ಹಾಕಿ, ಪ್ರತಿ ಬಣ್ಣಕ್ಕೂ ಒಂದೊಂದು ಫೋಟೋ ಮಾಡಿಕೊಡಬೇಕು. ತೊಡಿಸುವ ಕುರ್ತಿ ತೆಳು ಬೂದು ಬಣ್ಣದ್ದೇ ಇರಲಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಗಾಢ ಬಟ್ಟೆಯಲ್ಲಿ ಮಡಿಕೆಯ ನೆರಳು ಕಪ್ಪಿನಲ್ಲೇ ಮುಳುಗಿರುತ್ತದೆ, ಬೆಳಗಿಸಲು ಹೋದರೆ ನೇಯ್ಗೆಯ ಬದಲು ಕಾಳುಕಾಳು ಎದ್ದು ಬರುತ್ತದೆ. ಕೆಂಪು ಬಟ್ಟೆಯಾದರೆ ಅದರ ಛಾಯೆ ಮಾಡೆಲ್‌ನ ಗಲ್ಲದ ಅಡಿಗೂ ಬಿದ್ದಿರುತ್ತದೆ. ಬೂದಿನಲ್ಲಿ ಈ ಎರಡೂ ತೊಂದರೆ ಇಲ್ಲ.

ಕುರ್ತಿ ತೆಗೆದ ಫ್ಲ್ಯಾಶ್‌ನಲ್ಲೇ, ಅದೇ ಎಕ್ಸ್‌ಪೋಶರ್‌ನಲ್ಲಿ, ಎದೆಯ ಎತ್ತರದಲ್ಲಿ ಹಿಡಿದು ತುಂಡುಗಳ ಫೋಟೋವನ್ನೂ ತೆಗೆಯಬೇಕು. ಕಿಟಕಿಯ ಬೆಳಕು ಬೇಡ. ನಮ್ಮ ಮಳೆಗಾಲದ ಮೋಡಕ್ಕೆ ಅದು ನಿಮಿಷಕ್ಕೊಂದು ಥರ ಆಗುತ್ತದೆ. ತುಂಡು ತೇವವಾಗಿದ್ದರೆ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ, ಆದ್ದರಿಂದ ಒಣಗಿಸಿ ಇಸ್ತ್ರಿ ಹಾಕಿಯೇ ತೆಗೆಯುತ್ತೇನೆ. ಪ್ರತಿ ತುಂಡನ್ನು ಒಮ್ಮೆ ಚಪ್ಪಟೆಯಾಗಿ, ಒಮ್ಮೆ ಮಡಚಿ ಹಿಡಿಯುತ್ತೇನೆ. ಮಡಚಿದ ಫೋಟೋ ಆಮೇಲೆ ಬೇಕಾಗುತ್ತದೆ.

ಫೋಟೋಶಾಪ್‌ನಲ್ಲಿ 16 ಬಿಟ್‌ ಕಡತ, ಪೆನ್ ಟೂಲ್‌ನಿಂದ ಕುರ್ತಿಯ ಮಾಸ್ಕ್. ಗುಂಡಿ, ಲೇಸ್ ಹೊರಗೆ. ಆ ಮಾಸ್ಕ್‌ ಒಂದು ಗ್ರೂಪ್‌ಗೆ, ಬಣ್ಣಗಳೆಲ್ಲ ಅದರೊಳಗೆ.

ಹೆಚ್ಚಿನವರು ಇಲ್ಲಿ Hue/Saturation ಎಳೆಯುತ್ತಾರೆ, ಇಲ್ಲವೇ Color ಮೋಡ್‌ನಲ್ಲಿ ಬಣ್ಣ ತುಂಬುತ್ತಾರೆ. Color ಮೋಡ್ ಕೆಳಗಿನ ಚಿತ್ರದ ಹೊಳಪನ್ನು ಹಾಗೇ ಉಳಿಸುತ್ತದೆ, ಹಾಗಾಗಿ ತೆಳು ಬೂದಿನ ಮೇಲೆ ಮೆರೂನ್ ಹಾಕಿದರೆ ಗುಲಾಬಿ ಬರುತ್ತದೆ. ಅದನ್ನು ಸರಿಪಡಿಸಲು Curves‌ನ ನಡುಭಾಗ ಕೆಳಗೆ ಎಳೆದರೆ ಮಡಿಕೆಯ ಏಣು ಮಾತ್ರ ಬೆಳ್ಳಗೆ ಉಳಿದು ಹತ್ತಿ ಬಟ್ಟೆ ಸ್ಯಾಟಿನ್‌ನಂತೆ ಕಾಣುತ್ತದೆ. ನಿಜವಾದ ಬಟ್ಟೆಯಲ್ಲಿ ನೆರಳು ಒಂದು ಅನುಪಾತ: ಅರ್ಧ ಬೆಳಕು ಬಿದ್ದ ಕಡೆ ಯಾವ ಬಣ್ಣದಿಂದಲೂ ಅರ್ಧವೇ ವಾಪಸು ಬರುತ್ತದೆ. ಈ ಅನುಪಾತ ಉಳಿಸುವುದು Multiply. ನೇಯ್ಗೆಯ ಎಳೆಗಳೂ ಅದರೊಂದಿಗೇ ಉಳಿಯುತ್ತವೆ. Solid Color ಪದರವನ್ನು Multiply ಮಾಡಿ, ಅದರ ಬಣ್ಣವನ್ನು ಲೆಕ್ಕ ಹಾಕಿಯೇ ಇಡುತ್ತೇನೆ:

```
ಹಾಕುವ ಬಣ್ಣ = ತುಂಡಿನ ಅಂಕಿ × 255 ÷ ಕುರ್ತಿಯ ಅಂಕಿ
```

ಅಂಕಿ ತೆಗೆಯುವುದು Color Sampler ಟೂಲ್‌ನಿಂದ, 31 by 31 Average ಇಟ್ಟು, ಎದೆಯ ಮೇಲೆ ಮಡಿಕೆಯಿಲ್ಲದ ಜಾಗದಲ್ಲಿ. ಕುರ್ತಿ 210, 210, 210 ಇದ್ದು ಮೆರೂನ್ ತುಂಡು 105, 36, 44 ಇದ್ದರೆ ಹಾಕಬೇಕಾದ್ದು 128, 44, 53. ಬೂದಿನಲ್ಲಿ ಸ್ವಲ್ಪ ನೀಲಿ ಛಾಯೆ ಇದ್ದರೆ ಮೂರು ಅಂಕಿಗಳು ಬೇರೆಬೇರೆ ಬರುತ್ತವೆ. ಆಯಾ ಚಾನೆಲ್‌ಗೆ ಆಯಾ ಅಂಕಿಯಿಂದ ಭಾಗಿಸಿದರೆ ಆ ಛಾಯೆ ತಾನಾಗಿಯೇ ಹೋಗುತ್ತದೆ. ಉತ್ತರ 255 ದಾಟಿದರೆ ಆ ಬಣ್ಣ ಈ ಕುರ್ತಿಯಿಂದ ಬರುವುದಿಲ್ಲ ಎಂದೇ ಅರ್ಥ. ಬಿಳಿ ಕುರ್ತಿಯನ್ನು ಬೇರೆಯಾಗಿಯೇ ಫೋಟೋ ತೆಗೆಸಿ ಎನ್ನುವುದು ಇದಕ್ಕೇ.

ಮೆರೂನ್, ಬಾಟಲ್ ಗ್ರೀನ್ ಇಷ್ಟಕ್ಕೇ ಚೆನ್ನಾಗಿ ಕೂರುತ್ತವೆ. ಕೈ ಕೊಡುವುದು ಸಾಸಿವೆ ಹಳದಿ. ಚಪ್ಪಟೆ ಭಾಗ ತುಂಡಿಗೆ ಸರಿಯಾಗಿ ಹೊಂದಿದರೂ ಮಡಿಕೆಯೊಳಗೆ ಕೊಳಕು ಹಸಿರು ಕಾಣುತ್ತದೆ. ನಿಜವಾದ ಹಳದಿ ಬಟ್ಟೆಯ ಮಡಿಕೆಯಲ್ಲಿ ಬೆಳಕು ಎದುರುಬದುರಿನ ಎರಡು ಹಳದಿ ಮೈಗಳಿಗೆ ಬಡಿದು ಬರುತ್ತದೆ. ಪ್ರತಿ ಬಡಿತಕ್ಕೂ ಅದರ ನೀಲಿ ಅಂಶ ಇನ್ನಷ್ಟು ಕಳೆದು ನೆರಳು ಕಿತ್ತಳೆಗೆ ವಾಲುತ್ತದೆ. ಬೂದು ಕುರ್ತಿಯಲ್ಲಿ ಇದು ನಡೆದಿರುವುದಿಲ್ಲ, ನಾವೇ ಸೇರಿಸಬೇಕು. ಬಣ್ಣದ ಪದರ ಮುಚ್ಚಿ, Channels‌ನಲ್ಲಿ RGB ಮೇಲೆ Ctrl ಒತ್ತಿ ಕ್ಲಿಕ್ ಮಾಡಿ, ಆಯ್ಕೆಯನ್ನು ತಿರುವಿಹಾಕಿದರೆ ನೆರಳಿನ ಮಾಸ್ಕ್ ಸಿಗುತ್ತದೆ. ಅದನ್ನು Levels‌ನಿಂದ ಬಿಗಿಮಾಡಿ ಮಡಿಕೆಗಳಷ್ಟೇ ಉಳಿಸಿಕೊಂಡು, ಅದೇ ಹಳದಿಯ ಎರಡನೇ Multiply ಪದರಕ್ಕೆ ಹಾಕುತ್ತೇನೆ. ಅಪಾರದರ್ಶಕತೆ ಸುಮಾರು 20 ಶೇಕಡಾ. ಮಡಚಿ ತೆಗೆದ ತುಂಡನ್ನು ಪಕ್ಕದಲ್ಲಿಟ್ಟು, ಅದರ ಮಡಿಕೆಯ ಬಣ್ಣಕ್ಕೆ ಹೊಂದುವವರೆಗೆ ಹೆಚ್ಚು ಕಡಿಮೆ ಮಾಡುವುದು.

ಕಪ್ಪಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. Multiply ಮಾತ್ರ ಮಾಡಿದರೆ ಕುರ್ತಿಯ ಜಾಗದಲ್ಲಿ ತೂತು ಬಿದ್ದಂತೆ ಚಪ್ಪಟೆಯಾಗುತ್ತದೆ. ಎಳೆಯ ಮೇಲ್ಮೈಯಿಂದ ನೇರವಾಗಿ ಚಿಮ್ಮುವ ಹೊಳಪು ಬಣ್ಣದೊಳಗೆ ಹೊಕ್ಕಿರುವುದಿಲ್ಲ, ಕಪ್ಪು ಬಟ್ಟೆಯಲ್ಲೂ ಅದು ಹಾಗೇ ಇರುತ್ತದೆ. ಮೂಲ ಕುರ್ತಿಯ ಪದರದ ಒಂದು ನಕಲನ್ನು ಬಣ್ಣದ ಪದರದ ಮೇಲೆ Screen ಮೋಡ್‌ನಲ್ಲಿಟ್ಟು, ಬಣ್ಣ ತೆಗೆದು, Levels‌ನಿಂದ ಏಣುಗಳಷ್ಟೇ ಉಳಿಸಿ, 10 ಶೇಕಡಾದಷ್ಟು ಬಿಡುತ್ತೇನೆ. ಹೊಳಪು ಬಣ್ಣದ ಪದರದ ಕೆಳಗಿದ್ದರೆ ಅದಕ್ಕೂ ಬಣ್ಣ ಹತ್ತಿಬಿಡುತ್ತದೆ.

ಕೊನೆಗೆ sRGB ಗೆ ಬದಲಿಸಿ JPEG ಮಾಡಿದ ಮೇಲೆ, ಎಲ್ಲ ಬಣ್ಣಗಳನ್ನೂ ಸಾಲಾಗಿಟ್ಟು ಮೊಬೈಲ್‌ನಲ್ಲಿ ಚಿಕ್ಕದಾಗಿ ನೋಡುತ್ತೇನೆ. ಒಂದರಲ್ಲಿ ಮಾತ್ರ ಬಟ್ಟೆ ದಪ್ಪವಾಗಿಯೋ ಜಾರುವಂತೆಯೋ ಕಂಡರೆ ಆ ಒಂದರ ಹೊಳಪಿನ ಪದರ ಹೆಚ್ಚಾಗಿದೆ. ಎರಡು ಬಣ್ಣದ ನೂಲಿನಿಂದ ನೇಯ್ದ ಬಟ್ಟೆಗೆ ಮಾತ್ರ ಈ ಕ್ರಮ ನಡೆಯುವುದಿಲ್ಲ. ಅದರಲ್ಲಿ ಮಡಿಕೆ ತಿರುಗಿದ ಕಡೆ ಬಣ್ಣವೇ ಬೇರೆಯಾಗುವುದರಿಂದ, ಅಂಥ ಪ್ರತಿಯೊಂದು ಕುರ್ತಿಯನ್ನೂ ತೊಡಿಸಿಯೇ ತೆಗೆಯಬೇಕು.